ತಟ್ಟೆಗೆ ಬಿದ್ದ ಎರಡು ಹನಿ

ಸಂಭವನೀಯತೆಯ ಪಠ್ಯಪುಸ್ತಕಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಎದುರಾಗುವ ಲೆಕ್ಕವೊಂದಿದೆ. X ಮತ್ತು Y ಎಂಬ ಎರಡು ಯಾದೃಚ್ಛಿಕ ಚರಗಳ ಜಂಟಿ ಸಾಂದ್ರತೆಯನ್ನು ಅದರಲ್ಲಿ ಹೀಗೆ ಕೊಟ್ಟಿರುತ್ತಾರೆ:

f(x, y) = 8xy,  0 < x < y < 1

ಈ ಷರತ್ತಿಗೆ ಒಳಪಡದ ಕಡೆಯೆಲ್ಲ ಸಾಂದ್ರತೆ ಸೊನ್ನೆ. X ಮತ್ತು Y ಪ್ರತಿಯೊಂದರ ಬಿಡಿ ಸಾಂದ್ರತೆ ಏನು, ಅವೆರಡೂ ಒಂದರಿಂದೊಂದು ಸ್ವತಂತ್ರವೇ ಎಂಬುದು ಪ್ರಶ್ನೆ. ನೋಡಿದ ಕೂಡಲೇ ಕಣ್ಣಿಗೆ ಬೀಳುವುದು 8xy. ಅದರಲ್ಲಿ x ಒಂದು ಕಡೆ, y ಇನ್ನೊಂದು ಕಡೆ, ನಡುವೆ ಇರುವುದು ಬರೀ ಗುಣಾಕಾರ. ಹೀಗೆ ಬಿಡಿಸಿ ಬರೆಯಲು ಬರುವುದರಿಂದ ಎರಡೂ ಸ್ವತಂತ್ರ ಎಂದು ಉತ್ತರ ಬರೆದು ಮುಂದಿನ ಲೆಕ್ಕಕ್ಕೆ ಹೋಗುವುದು ಬಹಳ ಸುಲಭ. ಆ ಉತ್ತರ ತಪ್ಪು. ಸೂತ್ರವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ತಪ್ಪು ಎಲ್ಲಿದೆಯೆಂದು ತಿಳಿಯುವುದಿಲ್ಲ, ಏಕೆಂದರೆ ಅದು ಸೂತ್ರದಲ್ಲಿಲ್ಲ. ಪಕ್ಕದಲ್ಲಿ ಬರೆದ ಷರತ್ತಿನಲ್ಲಿದೆ.

ಈ ಸೂತ್ರ ಪರೀಕ್ಷೆಗೆಂದೇ ಹೊಸೆದದ್ದಲ್ಲ. ಒಂದು ಅಡಿ ತ್ರಿಜ್ಯದ ದುಂಡು ತಟ್ಟೆಯೊಂದು ಅಂಗಳದಲ್ಲಿದೆ, ಅದರ ಮೇಲೆ ಎರಡು ಮಳೆಹನಿ ಬೀಳುತ್ತವೆ ಎಂದಿಟ್ಟುಕೊಂಡರೆ 8xy ತಾನಾಗಿಯೇ ಹುಟ್ಟುತ್ತದೆ. ಹನಿ ತಟ್ಟೆಯ ಯಾವ ಜಾಗದಲ್ಲಾದರೂ ಬೀಳಬಹುದು, ಯಾವ ಜಾಗಕ್ಕೂ ವಿಶೇಷ ಒಲವಿಲ್ಲ; ಮೊದಲ ಹನಿ ಎಲ್ಲಿ ಬಿತ್ತೆಂಬುದಕ್ಕೂ ಎರಡನೆಯದು ಎಲ್ಲಿ ಬೀಳುತ್ತದೆ ಎಂಬುದಕ್ಕೂ ಸಂಬಂಧವಿಲ್ಲ. ಅಳೆಯಬೇಕಾದ್ದು ಹನಿ ಬಿದ್ದ ಜಾಗ ತಟ್ಟೆಯ ನಡುಬಿಂದುವಿನಿಂದ ಎಷ್ಟು ದೂರ ಎಂಬುದನ್ನು ಮಾತ್ರ.

ಒಂದೇ ಹನಿಯ ಲೆಕ್ಕ ಮೊದಲು. ಅದು ನಡುವಿನಿಂದ ಅರ್ಧ ಅಡಿಯೊಳಗೆ ಬೀಳುವ ಸಂಭವನೀಯತೆ ಎಷ್ಟು? ಅರ್ಧ ಎಂದು ಹೇಳಲು ನಾಲಿಗೆ ತುದಿಗೆ ಬರುತ್ತದೆ, ಆದರೆ ಹನಿ ಬೀಳುವುದು ಗೆರೆಯ ಮೇಲಲ್ಲ, ಹರವಿನ ಮೇಲೆ. ಅರ್ಧ ಅಡಿ ತ್ರಿಜ್ಯದ ಒಳವೃತ್ತದ ವಿಸ್ತೀರ್ಣ ಇಡೀ ತಟ್ಟೆಯ ಕಾಲು ಭಾಗ. ಆದ್ದರಿಂದ ಸಂಭವನೀಯತೆಯೂ 1/4. ಅರ್ಧದ ಬದಲು ಯಾವುದೇ ದೂರ r ತೆಗೆದುಕೊಂಡರೂ ಹನಿ ಅದರೊಳಗೆ ಬೀಳುವ ಸಂಭವನೀಯತೆ r². ಈ r² ಎಷ್ಟು ವೇಗವಾಗಿ ಏರುತ್ತದೆ ಎಂಬುದೇ ದೂರದ ಸಾಂದ್ರತೆ, ಅಂದರೆ 2r. ನಡುವಿನ ಹತ್ತಿರ ಅದು ಸೊನ್ನೆಗೆ ಸಮೀಪ, ಅಂಚಿನಲ್ಲಿ 2. ತಟ್ಟೆಯ ಅಂಚಿಗೆ ಸುತ್ತಳತೆ ಹೆಚ್ಚು, ಹನಿ ಬೀಳಲು ಅಲ್ಲಿ ಜಾಗ ಹೆಚ್ಚು.

ಇನ್ನು ಎರಡು ಹನಿ. ಮೊದಲು ಬಿದ್ದದ್ದರ ದೂರ a, ಆಮೇಲೆ ಬಿದ್ದದ್ದರ ದೂರ b. ಇವು ನಿಜಕ್ಕೂ ಸ್ವತಂತ್ರ, ಆದ್ದರಿಂದ ಅವುಗಳ ಜಂಟಿ ಸಾಂದ್ರತೆ 2a × 2b, ಅಂದರೆ 4ab. a ಸೊನ್ನೆಯಿಂದ ಒಂದರವರೆಗೆ, b ಕೂಡ ಸೊನ್ನೆಯಿಂದ ಒಂದರವರೆಗೆ ಓಡಾಡುವುದರಿಂದ ಈ ಜೋಡಿಗೆ ಸಿಗುವ ನೆಲ ಒಂದು ಚೌಕ. ಈಗ ಬಿದ್ದ ಕ್ರಮವನ್ನು ಮರೆತು ಬೇರೆ ಹೆಸರಿಡಬೇಕು: ನಡುವಿಗೆ ಹತ್ತಿರದ ಹನಿಯ ದೂರ X, ದೂರದ ಹನಿಯದು Y. ಹೀಗೆಂದ ಮೇಲೆ X ಎಂದಿಗೂ Y ಯನ್ನು ಮೀರುವಂತಿಲ್ಲ. ಕಾಗದದ ಚೌಕವನ್ನು ಕರ್ಣದ ಗುಂಟ ಮಡಚಿದಂತೆ, ಒಂದು ಅರ್ಧ ಇನ್ನೊಂದರ ಮೇಲೆ ಬಂದು ಕೂರುತ್ತದೆ. ಉಳಿಯುವುದು ತ್ರಿಕೋನ. ಎರಡು ಪದರ ಒಂದಾದ್ದರಿಂದ ಸಾಂದ್ರತೆ ಇಮ್ಮಡಿ, 4ab ಇದ್ದದ್ದು 8xy. ಹನಿಗಳ ನಡುವೆ ಯಾವ ನಂಟೂ ಇರಲಿಲ್ಲ. ಹತ್ತಿರದ್ದು, ದೂರದ್ದು ಎಂದು ವಿಂಗಡಿಸಿದ್ದರಿಂದಲೇ ನಂಟು ಬಂತು. ಇದು ಲೆಕ್ಕದ ಒಂದು ತಮಾಷೆ.

ಈ ತ್ರಿಕೋನವನ್ನು ಕಾಗದದ ಮೇಲೆ ಬರೆದುಕೊಳ್ಳದೆ ಮುಂದಿನ ಹೆಜ್ಜೆ ಇಡುವುದು ಜಾಣತನವಲ್ಲ. ಅಡ್ಡಗೆರೆಯ ಮೇಲೆ x, ನೆಟ್ಟಗೆರೆಯ ಮೇಲೆ y. ತ್ರಿಕೋನದ ಮೂರು ಮೂಲೆಗಳು (0, 0), (0, 1), (1, 1). ಎಡಗಡೆ y ಅಕ್ಷ, ಮೇಲ್ಗಡೆ y = 1 ಎಂಬ ಗೆರೆ, ಇಳಿಜಾರಿನ ಬದಿಯಾಗಿ y = x ಎಂಬ ಕರ್ಣ. ಕರ್ಣದ ಕೆಳಗಿನ ಅರ್ಧ ಚೌಕ ಪೂರ್ತಿ ಖಾಲಿ. ಷರತ್ತಿನಲ್ಲಿ < ಇದೆಯೋ ≤ ಇದೆಯೋ ಎಂದು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಗೆರೆಗೆ ವಿಸ್ತೀರ್ಣವಿಲ್ಲ, ಆದ್ದರಿಂದ ಅಂಚನ್ನು ಸೇರಿಸಿದರೂ ಬಿಟ್ಟರೂ ಯಾವ ಸಂಭವನೀಯತೆಯೂ ಬದಲಾಗುವುದಿಲ್ಲ.

ಸಾಂದ್ರತೆಯೆಂದರೆ ಸಂಭವನೀಯತೆಯಲ್ಲ ಎಂಬುದನ್ನು ಇಲ್ಲಿ ಒಮ್ಮೆ ಹೇಳಿಬಿಡಬೇಕು. (1, 1) ಮೂಲೆಯ ಹತ್ತಿರ 8xy ಬೆಲೆ 8ಕ್ಕೆ ಮುಟ್ಟುತ್ತದೆ, ಸಂಭವನೀಯತೆ ಎಂದೂ 1ನ್ನು ದಾಟದು. ತ್ರಿಕೋನವನ್ನು ನೆಲವೆಂದೂ 8xy ಯನ್ನು ಆ ನೆಲದ ಮೇಲೆ ಕಟ್ಟಿದ ಮಾಡಿನ ಎತ್ತರವೆಂದೂ ಕಲ್ಪಿಸಿಕೊಂಡರೆ, ಸಂಭವನೀಯತೆ ಎಂದರೆ ನೆಲಕ್ಕೂ ಮಾಡಿಗೂ ನಡುವೆ ಸಿಕ್ಕ ಘನಗಾತ್ರ. ಇಡೀ ತ್ರಿಕೋನದ ಮೇಲಿನ ಒಟ್ಟು ಘನಗಾತ್ರ ಸರಿಯಾಗಿ 1 ಆಗಬೇಕು. ಅದನ್ನು ಪರೀಕ್ಷಿಸಲು y ಯನ್ನು ಒಂದು ಬೆಲೆಯಲ್ಲಿ ನಿಲ್ಲಿಸಿ, x ಸೊನ್ನೆಯಿಂದ y ವರೆಗೆ ಓಡುವಂತೆ ಅನುಕಲನ ಮಾಡಬೇಕು. ಅದರಿಂದ 4y³ ಬರುತ್ತದೆ. ಅದನ್ನು y ಸೊನ್ನೆಯಿಂದ ಒಂದರವರೆಗೆ ಅನುಕಲಿಸಿದರೆ y⁴, ಅಂದರೆ 1. ಲೆಕ್ಕದಲ್ಲಿ 8ರ ಬದಲು c ಎಂಬ ಗೊತ್ತಿಲ್ಲದ ಸ್ಥಿರಾಂಕವನ್ನು ಕೊಟ್ಟಿದ್ದರೂ ಇದೇ ದಾರಿ: c/8 = 1 ಎಂದು ಬರುತ್ತದೆ, c ಎಂಟು.

ಬಿಡಿ ಸಾಂದ್ರತೆಗೆ ಇಂಗ್ಲಿಷಿನಲ್ಲಿ ಮಾರ್ಜಿನಲ್ ಎಂಬ ಹೆಸರು ಬಂದದ್ದು ಪಟ್ಟಿಯ ಅಂಚಿನಿಂದ. ಅಂಗಡಿಯ ಲೆಕ್ಕದ ಪಟ್ಟಿಯಲ್ಲಿ ಒಂದೊಂದು ಸಾಲಿನ ಮೊತ್ತವನ್ನು ಬಲ ಅಂಚಿನಲ್ಲೂ ಒಂದೊಂದು ಕಂಬದ ಮೊತ್ತವನ್ನು ಕೆಳ ಅಂಚಿನಲ್ಲೂ ಬರೆಯುವುದುಂಟು. ಆ ಮೊತ್ತ ನೋಡಿದವರಿಗೆ ಒಳಗಿನ ವಿವರ ಬೇಡ. ಅಂಚಿನ ಸಾಂದ್ರತೆಯೂ ಅಂಥದೇ ಮೊತ್ತ. X ಒಂದರ ಬಗ್ಗೆಯೇ ತಿಳಿಯಬೇಕಾದರೆ ಆ x ಬೆಲೆಯ ಕಂಬದಲ್ಲಿ y ಗೆ ಸಾಧ್ಯವಿರುವ ಎಲ್ಲ ಬೆಲೆಗಳನ್ನೂ ಕೂಡಿಬಿಡಬೇಕು. ಬೆಲೆಗಳು ಬಿಡಿಬಿಡಿಯಾಗಿರದೆ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಕೂಡುವ ಕೆಲಸ ಅನುಕಲನವಾಗುತ್ತದೆ.

ಪಟ್ಟಿ ಚೌಕವಾಗಿದ್ದರೆ ಎಲ್ಲ ಕಂಬಗಳೂ ಒಂದೇ ಎತ್ತರ. ತ್ರಿಕೋನದಲ್ಲಿ ಹಾಗಿಲ್ಲ, ಕಷ್ಟವೆಲ್ಲ ಇರುವುದು ಅಲ್ಲೇ. x = 0.2 ಎಂಬಲ್ಲಿ ನೆಟ್ಟಗೆ ಗೆರೆ ಎಳೆದರೆ ಅದು ತ್ರಿಕೋನದೊಳಕ್ಕೆ ಹೊಗುವುದು ಕರ್ಣದ ಮೇಲೆ, y = 0.2 ಇದ್ದಾಗ; ಹೊರಬರುವುದು y = 1ರಲ್ಲಿ. x = 0.9ರಲ್ಲಿ ಎಳೆದ ಗೆರೆಗೆ ತ್ರಿಕೋನದೊಳಗೆ ಸಿಗುವುದು 0.9ರಿಂದ 1ರವರೆಗಿನ ತುಂಡು ಮಾತ್ರ. ಹೀಗೆ ಕೆಳಮಿತಿ x ಜೊತೆಗೇ ಸರಿಯುತ್ತದೆ. ಆದ್ದರಿಂದ X ನ ಅಂಚಿನ ಸಾಂದ್ರತೆಗೆ y ಯನ್ನು x ನಿಂದ 1ರವರೆಗೆ ಅನುಕಲಿಸಬೇಕು:

f_X(x) = ∫ₓ¹ 8xy dy = 4x(1 − x²),  0 < x < 1

Y ಗೆ ಅಡ್ಡಗೆರೆ ಎಳೆಯಬೇಕು. y ನಿಂತಿದ್ದಾಗ ಗೆರೆ ಹೊಗುವುದು ಎಡ ಅಂಚಿನ x = 0ಯಲ್ಲಿ, ಹೊರಬರುವುದು ಕರ್ಣದ ಮೇಲಿನ x = y ಯಲ್ಲಿ:

f_Y(y) = ∫₀ʸ 8xy dx = 4y³,  0 < y < 1

ಎರಡೂ ಉತ್ತರಗಳನ್ನು ತಟ್ಟೆಯ ಬಳಿಗೆ ಒಯ್ದು ನೋಡಬಹುದು, ಅದಕ್ಕೆ ಅನುಕಲನವೇ ಬೇಡ. ದೂರದ ಹನಿ t ದೂರದೊಳಗಿದೆ ಎಂದರೆ ಎರಡೂ ಹನಿಗಳು t ಯೊಳಗೇ ಬಿದ್ದಿವೆ ಎಂದರ್ಥ. ಒಂದೊಂದರ ಸಂಭವನೀಯತೆ t², ಎರಡರದೂ ಸೇರಿ t⁴, ಅದು ಏರುವ ವೇಗ 4t³. ಹತ್ತಿರದ ಹನಿ t ಗಿಂತ ಆಚೆ ಇದೆ ಎಂದರೆ ಎರಡೂ ಆಚೆ ಬಿದ್ದಿವೆ. ಅದರ ಸಂಭವನೀಯತೆ (1 − t²)². ಹತ್ತಿರದ್ದು t ಯೊಳಗಿರುವ ಸಂಭವನೀಯತೆ ಒಂದರಲ್ಲಿ ಇದನ್ನು ಕಳೆದಷ್ಟು, 2t² − t⁴. ಅದು ಏರುವ ವೇಗ 4t − 4t³, ಮೇಲಿನ 4x(1 − x²) ಎಂಬುದೇ ಅದು. ಎರಡು ಬೇರೆ ದಾರಿಗಳು ಒಂದೇ ಊರಿಗೆ ಬಂದು ಸೇರಿದವು.

ಲೆಕ್ಕ ಎಡವುವುದು ಮಿತಿಗಳಲ್ಲಿ. ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪೆಂದರೆ ತ್ರಿಕೋನವನ್ನು ಮರೆತು y ಯನ್ನು ಸೊನ್ನೆಯಿಂದ ಒಂದರವರೆಗೆ ಅನುಕಲಿಸಿಬಿಡುವುದು. ಆಗ X ಗೆ 4x ಎಂಬ ಸಾಂದ್ರತೆ ಬರುತ್ತದೆ. ಇದನ್ನು ಹಿಡಿಯುವುದು ಕಷ್ಟವಲ್ಲ, 4x ನ ಒಟ್ಟು ಮೊತ್ತ ಸೊನ್ನೆಯಿಂದ ಒಂದರವರೆಗೆ 2 ಆಗುತ್ತದೆ, 1 ಆಗುವುದಿಲ್ಲ. ಖಾಲಿ ಅರ್ಧದಲ್ಲಿಯೂ ಮಾಡು ಕಟ್ಟಿದ್ದರ ಫಲ ಅದು. ಇನ್ನೊಂದು ತಪ್ಪು ಉತ್ತರದ ಮುಖ ನೋಡಿಯೇ ಗೊತ್ತಾಗುತ್ತದೆ: X ನ ಅಂಚಿನ ಸಾಂದ್ರತೆಯಲ್ಲಿ y ಉಳಿದುಬಿಟ್ಟಿರುತ್ತದೆ. ಯಾವ ಚರವನ್ನು ಕೂಡಿ ಮುಗಿಸಬೇಕಿತ್ತೋ ಅದು ಉತ್ತರದಲ್ಲಿ ಇಣುಕಿದರೆ ಮಿತಿಯಾಗಿ ಹಾಕಬಾರದ್ದನ್ನು ಹಾಕಿದ್ದಾರೆ ಎಂದೇ ಅರ್ಥ.

ಮೂರನೆಯ ತಪ್ಪು ಇವೆರಡಕ್ಕಿಂತ ಕಳ್ಳ. X ನ ಸಾಂದ್ರತೆಗೆ y ಯನ್ನು x ನಿಂದ 1ರವರೆಗೆ ಅಲ್ಲದೆ ಸೊನ್ನೆಯಿಂದ x ವರೆಗೆ ಅನುಕಲಿಸಿದರೆ 4x³ ಬರುತ್ತದೆ. ಅದರಲ್ಲಿ y ಇಲ್ಲ. ಒಟ್ಟು ಮೊತ್ತವೂ ಸರಿಯಾಗಿ 1. ಎರಡು ಪರೀಕ್ಷೆಗಳಲ್ಲೂ ಪಾಸಾದ ಈ ಉತ್ತರ ತಪ್ಪೆಂದು ಹೇಳಬಲ್ಲದ್ದು ತಟ್ಟೆ ಮಾತ್ರ. 4x³ ತನ್ನ ಗರಿಷ್ಠ ಬೆಲೆ ಮುಟ್ಟುವುದು x = 1ರಲ್ಲಿ. ಹತ್ತಿರದ ಹನಿ ತಟ್ಟೆಯ ಅಂಚಿನಲ್ಲಿ ಸಿಗುವುದೇ ಎಲ್ಲಕ್ಕಿಂತ ಹೆಚ್ಚು ಸಹಜ ಎಂದಂತಾಯಿತು! ಹತ್ತಿರದ್ದೇ ಅಂಚಿನಲ್ಲಿದ್ದರೆ ದೂರದ್ದಕ್ಕೆ ಬೀಳಲು ಜಾಗವೇ ಉಳಿಯುವುದಿಲ್ಲ, ಆದ್ದರಿಂದ x ಒಂದನ್ನು ಸಮೀಪಿಸಿದಾಗ ಸಾಂದ್ರತೆ ಸೊನ್ನೆಗೆ ಇಳಿಯಲೇಬೇಕು. ಸರಿಯುತ್ತರವಾದ 4x(1 − x²) ಹಾಗೆಯೇ ನಡೆದುಕೊಳ್ಳುತ್ತದೆ: ಸೊನ್ನೆಯಿಂದ ಎದ್ದು, x ಸುಮಾರು 0.58 ಇರುವಲ್ಲಿ ತುದಿ ಮುಟ್ಟಿ, ಮತ್ತೆ ಸೊನ್ನೆಗೆ ಇಳಿಯುತ್ತದೆ. ಕರ್ಣದ ಯಾವ ಮಗ್ಗುಲನ್ನು ಕೂಡುತ್ತಿದ್ದೇವೆ ಎಂಬ ಗೊಂದಲವನ್ನು ಚಿತ್ರ ಬರೆದವರು ಸಾಮಾನ್ಯವಾಗಿ ಮಾಡಿಕೊಳ್ಳುವುದಿಲ್ಲ.

ಎರಡು ಚರಗಳು ಸ್ವತಂತ್ರ ಎನ್ನಬೇಕಾದರೆ ಜಂಟಿ ಸಾಂದ್ರತೆ ಅಂಚಿನ ಸಾಂದ್ರತೆಗಳ ಗುಣಲಬ್ಧಕ್ಕೆ ಎಲ್ಲೆಡೆಯೂ ಸಮನಾಗಿರಬೇಕು. ಇಲ್ಲಿ ಗುಣಲಬ್ಧ ಹೀಗಾಗುತ್ತದೆ:

f_X(x) · f_Y(y) = 16xy³(1 − x²)

ಇದು 8xy ಅಲ್ಲ. ಪ್ರಶ್ನೆಗೆ ಉತ್ತರ ಇಷ್ಟೇ: X, Y ಸ್ವತಂತ್ರವಲ್ಲ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಪೂರ್ತಿ ಅಂಕ ಸಿಗುತ್ತದೆ. ಆದರೆ ಏಕೆ ಹೀಗಾಯಿತು ಎಂಬುದು ಈ ಸಾಲಿನಿಂದ ತಿಳಿಯುವುದಿಲ್ಲ, ಮತ್ತು ಅದನ್ನು ತಿಳಿಯಲು ಅಂಚಿನ ಸಾಂದ್ರತೆಗಳನ್ನು ಕಂಡುಹಿಡಿಯುವ ಶ್ರಮವೂ ಬೇಕಿರಲಿಲ್ಲ.

ತಟ್ಟೆಯ ಮೇಲೆ ಅರ್ಧ ಅಡಿ ತ್ರಿಜ್ಯದ ಒಳವೃತ್ತವೊಂದನ್ನು ಸೀಮೆಸುಣ್ಣದಲ್ಲಿ ಬರೆದಿದೆ ಎಂದುಕೊಂಡರೆ ಕಾರಣ ಕಾಣುತ್ತದೆ. ಹತ್ತಿರದ ಹನಿ ಈ ವೃತ್ತದ ಹೊರಗಿರುವ ಸಂಭವನೀಯತೆ (3/4)², ಅಂದರೆ 9/16. ದೂರದ ಹನಿ ವೃತ್ತದ ಒಳಗಿರುವ ಸಂಭವನೀಯತೆ (1/4)², ಅಂದರೆ 1/16. ಎರಡೂ ಅಳತೆಗಳು ನಿಜಕ್ಕೂ ಸ್ವತಂತ್ರವಾಗಿದ್ದರೆ ಈ ಎರಡು ಘಟನೆಗಳು ಒಟ್ಟಿಗೆ ಆಗುವ ಸಂಭವನೀಯತೆ ಇವುಗಳ ಗುಣಲಬ್ಧ, 9/256 ಇರಬೇಕಿತ್ತು. ತಟ್ಟೆಯನ್ನು ಒರೆಸಿ ಒರೆಸಿ 256 ಸಲ ಹನಿಜೋಡಿಗಳನ್ನು ನೋಡಿದರೆ ಸರಾಸರಿ ಒಂಬತ್ತು ಸಲವಾದರೂ ಹೀಗಾಗಬೇಕಿತ್ತು. ಆದರೆ ಹತ್ತಿರದ ಹನಿ ವೃತ್ತದ ಹೊರಗೆ, ದೂರದ ಹನಿ ವೃತ್ತದ ಒಳಗೆ ಎಂಬುದು ಮಾತಿನಲ್ಲೇ ಅಸಂಗತ. 256 ಸಲವಲ್ಲ, ಲಕ್ಷ ಸಲ ನೋಡಿದರೂ ಒಮ್ಮೆಯೂ ಆಗದು.

ಚಿತ್ರದಲ್ಲಿ ಈ ಅಸಂಗತ ಘಟನೆಯ ಜಾಗ ಯಾವುದು? ಚೌಕದ ಕೆಳಬಲ ಮೂಲೆ. X ಅರ್ಧಕ್ಕಿಂತ ಹೆಚ್ಚು, y ಅರ್ಧಕ್ಕಿಂತ ಕಡಿಮೆ. ಆ ಮೂಲೆ ಪೂರ್ತಿ ಕರ್ಣದ ಕೆಳಗೆ ಬೀಳುತ್ತದೆ, ಜಂಟಿ ಸಾಂದ್ರತೆ ಅಲ್ಲಿ ಸೊನ್ನೆ. ಆದರೆ ಅಲ್ಲಿನ x ಬೆಲೆಗಳಿಗೆ ಬಿಡಿಯಾಗಿ ಸಾಂದ್ರತೆ ಇದೆ, y ಬೆಲೆಗಳಿಗೂ ಬಿಡಿಯಾಗಿ ಇದೆ. ಎರಡು ಧನಸಂಖ್ಯೆಗಳ ಗುಣಲಬ್ಧ ಸೊನ್ನೆಯಾಗುವುದುಂಟೇ? ಸ್ವಾತಂತ್ರ್ಯ ಮುರಿದು ಬೀಳಲು ಈ ಒಂದು ಮೂಲೆ ಸಾಕು. ಸಾಂದ್ರತೆ ಯಾವ ಪ್ರದೇಶದಲ್ಲಿ ಸೊನ್ನೆಗಿಂತ ಹೆಚ್ಚಿದೆಯೋ ಅದು ತ್ರಿಕೋನವಾಗಿದ್ದರೆ, ಅದರ ಮೇಲಿನ ಸೂತ್ರ ಏನೇ ಆಗಿರಲಿ, ಎರಡು ಚರಗಳು ಸ್ವತಂತ್ರವಾಗಿರಲಾರವು. ತ್ರಿಕೋನವನ್ನು ಎತ್ತ ತಿರುಗಿಸಿದರೂ ಅದನ್ನು ಸುತ್ತುವರಿದ ಆಯತದ ಯಾವುದಾದರೂ ಒಂದು ಮೂಲೆ ಖಾಲಿ ಉಳಿದೇ ಉಳಿಯುತ್ತದೆ.

ಹಾಗಾದರೆ 8xy ಎಂದು ಬೇರ್ಪಡಿಸಿ ಬರೆಯಲು ಬಂದದ್ದರಲ್ಲಿ ಮೋಸ ಎಲ್ಲಿ? ಸೂತ್ರವನ್ನು ಅರ್ಧಕ್ಕೇ ಓದಿದ್ದರಲ್ಲಿ. ಪೂರ್ತಿ ಸಾಂದ್ರತೆಯನ್ನು ಬರೆಯುವ ಪ್ರಾಮಾಣಿಕ ವಿಧಾನವೊಂದಿದೆ. ಕೆನೆತ್ ಐವರ್ಸನ್ 1962ರ ತಮ್ಮ ಪುಸ್ತಕದಲ್ಲಿ ಇದರ ಮೂಲರೂಪವನ್ನು ಬಳಕೆಗೆ ತಂದರು: ಷರತ್ತನ್ನು ಆವರಣದೊಳಗೆ ಬರೆದು, ಅದು ನಿಜವಾದರೆ ಬೆಲೆ 1, ಸುಳ್ಳಾದರೆ 0 ಎಂದು ಓದುವುದು. ಈಗ ಚಾಲ್ತಿಯಲ್ಲಿರುವ ಚೌಕಾವರಣದಲ್ಲಿ ಬರೆದರೆ ತಟ್ಟೆಯ ಸಾಂದ್ರತೆ ಹೀಗೆ:

f(x, y) = 8xy · [0 < x < y < 1]

ಈಗ x ಭಾಗ ಒಂದು ಕಡೆ, y ಭಾಗ ಒಂದು ಕಡೆ ಎಂದು ಸೀಳಲು ಹೊರಟರೆ 8xy ಸೀಳುತ್ತದೆ, ಆವರಣ ಸೀಳುವುದಿಲ್ಲ. ಅದರೊಳಗಿನ x < y ಎಂಬುದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಮಾತು. ಚೌಕದ ಮೇಲಿನ 4ab ಯಲ್ಲಿ ಈ ತೊಡಕಿರಲಿಲ್ಲ. ಅಲ್ಲಿನ ಷರತ್ತನ್ನು [0 < a < 1] · [0 < b < 1] ಎಂದು ಸಲೀಸಾಗಿ ಎರಡು ತುಂಡು ಮಾಡಬಹುದಿತ್ತು. ಪಠ್ಯಪುಸ್ತಕಗಳು ಸೂತ್ರವನ್ನು ದೊಡ್ಡದಾಗಿ ನಡುವೆ ಬರೆದು ಷರತ್ತನ್ನು ಅಲ್ಪವಿರಾಮದಾಚೆ ತಳ್ಳುವ ರೂಢಿಯೇ ಈ ತಪ್ಪಿಗೆ ಅರ್ಧ ಕಾರಣ ಎಂದರೆ ಅನ್ಯಾಯವಾಗಲಾರದು.

ಸೂತ್ರದಲ್ಲಿ x ಹೆಸರೇ ಇಲ್ಲದ ಉದಾಹರಣೆಯೂ ಇದೆ. ತೂತಿನ ಮಾಡಿನಿಂದ ಹನಿಗಳು ಯಾವ ಲಯವೂ ಇಲ್ಲದೆ, ನಿಮಿಷಕ್ಕೆ ಸರಾಸರಿ ಒಂದರಂತೆ ಒಂದು ಪಾತ್ರೆಗೆ ಬೀಳುತ್ತಿವೆ ಎಂದಿಟ್ಟುಕೊಂಡರೆ, ಮೊದಲ ಹನಿ ಬಿದ್ದ ಹೊತ್ತು X, ಎರಡನೆಯದು ಬಿದ್ದ ಹೊತ್ತು Y ಇವುಗಳ ಜಂಟಿ ಸಾಂದ್ರತೆ 0 < x < y ಎಂಬಲ್ಲಿ e⁻ʸ. ಪ್ರದೇಶ ಮೇಲ್ಗಡೆ ಕೊನೆಯಿಲ್ಲದೆ ತೆರೆದುಕೊಂಡ ತ್ರಿಕೋನ. ಸೂತ್ರ ನೋಡಿದರೆ X ಗೆ ಇಲ್ಲೇನೂ ಕೆಲಸವಿಲ್ಲವೆನಿಸುತ್ತದೆ. ಆದರೂ ಅದೇ ವಿಧಾನದಲ್ಲಿ ಕೂಡಿದರೆ X ಗೆ e⁻ˣ, Y ಗೆ y·e⁻ʸ ಬರುತ್ತದೆ, ಗುಣಲಬ್ಧ ಹೊಂದುವುದಿಲ್ಲ. ಎರಡನೆಯ ಹನಿ ಮೊದಲನೆಯದಕ್ಕಿಂತ ಮುಂಚೆ ಬೀಳುವಂತಿಲ್ಲ, ಅಷ್ಟೇ.

ಪ್ರದೇಶ ನೋಡಿ ತೀರ್ಪು ಕೊಡುವ ಈ ಉಪಾಯ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ತ್ರಿಕೋನವಾದರೆ ಸ್ವಾತಂತ್ರ್ಯವಿಲ್ಲ ಎಂಬುದು ನಿಶ್ಚಿತ, ಚೌಕವಾದರೆ ಸ್ವಾತಂತ್ರ್ಯ ಇದೆ ಎಂದಾಗದು. ಒಂದು ಮಾನದ ಚೌಕದ ಮೇಲೆ x + y ಎಂಬ ಸಾಂದ್ರತೆ ಇದ್ದರೆ ಅಂಚಿನ ಸಾಂದ್ರತೆಗಳು x + ½ ಮತ್ತು y + ½. ಅವುಗಳನ್ನು ಗುಣಿಸಿದರೆ x + y ಬರುವುದಿಲ್ಲ. ಚೌಕವಾದ ಮೇಲೂ ಸೂತ್ರ ಸೀಳುತ್ತದೆಯೇ ಎಂದು ನೋಡಲೇಬೇಕು.

ಸಹಸಂಬಂಧದ ಅಂಕೆಯನ್ನು ಲೆಕ್ಕ ಹಾಕಿ ಸ್ವಾತಂತ್ರ್ಯ ತೀರ್ಮಾನಿಸುವವರೂ ಇದ್ದಾರೆ. ತಟ್ಟೆಯ ಲೆಕ್ಕದಲ್ಲಿ ಅದು ದಾರಿ ತಪ್ಪಿಸುವುದಿಲ್ಲ. ಹತ್ತಿರದ ಹನಿಯ ಸರಾಸರಿ ದೂರ 8/15 ಅಡಿ, ದೂರದ್ದು 4/5 ಅಡಿ, ಎರಡೂ ದೂರಗಳ ಗುಣಲಬ್ಧದ ಸರಾಸರಿ 4/9. ಸ್ವತಂತ್ರವಾಗಿದ್ದರೆ ಈ ಕೊನೆಯದು 8/15 × 4/5, ಅಂದರೆ 32/75 ಇರಬೇಕಿತ್ತು. 4/9 ಅದಕ್ಕಿಂತ 4/225ರಷ್ಟು ಹೆಚ್ಚು, ಸಹಸಂಬಂಧ ಗುಣಾಂಕ ಸುಮಾರು 0.49. ಹತ್ತಿರದ ಹನಿ ಹೊರಗೆ ಸರಿದರೆ ದೂರದ್ದನ್ನೂ ಹೊರಗೆ ತಳ್ಳುತ್ತದೆ. ಆದರೆ ಮೂಲೆಗಳು (−1, 0), (1, 0), (0, 1) ಇರುವ ಸಮದ್ವಿಬಾಹು ತ್ರಿಕೋನದ ಮೇಲೆ ಎಲ್ಲೆಡೆ ಒಂದೇ ಸಾಂದ್ರತೆಯನ್ನು ಹರಡಿದರೆ ಎಡಬಲ ಸರಿಸಮನಾಗಿರುವುದರಿಂದ ಸಹಸಂಬಂಧ ಸೊನ್ನೆ ಬರುತ್ತದೆ. ಸ್ವಾತಂತ್ರ್ಯ ಅಲ್ಲಿಯೂ ಇಲ್ಲ: y ಒಂದನ್ನು ಸಮೀಪಿಸಿದಾಗ x ಗೆ ಸೊನ್ನೆಯ ಹತ್ತಿರವಷ್ಟೇ ಜಾಗ. ಸಹಸಂಬಂಧ ಸೊನ್ನೆಯಲ್ಲದಿದ್ದರೆ ಸ್ವತಂತ್ರವಲ್ಲ ಎನ್ನಬಹುದು, ಸೊನ್ನೆಯಾದರೆ ಅದರಿಂದ ಏನೂ ಹೇಳಲು ಬರುವುದಿಲ್ಲ.

ತ್ರಿಕೋನದೊಳಗಿನ ನಂಟು ಎಂಥದು ಎಂದು ತಿಳಿಯಲು ಒಂದು ಚರವನ್ನು ನಿಲ್ಲಿಸಿ ಇನ್ನೊಂದನ್ನು ನೋಡುವುದು ಮೇಲು. ದೂರದ ಹನಿ y ದೂರದಲ್ಲಿದೆ ಎಂದು ಯಾರೋ ಹೇಳಿದರೆ ಹತ್ತಿರದ್ದರ ಸಾಂದ್ರತೆ ಏನಾಗುತ್ತದೆ? ಜಂಟಿ ಸಾಂದ್ರತೆಯನ್ನು Y ನ ಅಂಚಿನ ಸಾಂದ್ರತೆಯಿಂದ ಭಾಗಿಸಬೇಕು:

8xy / 4y³ = 2x / y²,  0 < x < y

ಇದರಲ್ಲಿ y ಉಳಿದುಕೊಂಡಿದೆ, ಸ್ವತಂತ್ರವಾಗಿದ್ದರೆ ಉಳಿಯುತ್ತಿರಲಿಲ್ಲ. ಆದರೆ ಇದರ ಅರ್ಥ ಸರಳ. y ತ್ರಿಜ್ಯದ ಸಣ್ಣ ತಟ್ಟೆಯೊಂದರ ಮೇಲೆ ಒಂದೇ ಹನಿ ಬಿದ್ದರೆ ಅದರ ದೂರಕ್ಕೆ ಇದೇ ಸಾಂದ್ರತೆ. ದೂರದ ಹನಿ ಒಂದು ವೃತ್ತವನ್ನು ಗೀರಿ ಕೊಡುತ್ತದೆ, ಹತ್ತಿರದ್ದು ಆ ವೃತ್ತದೊಳಗೆ ಎಲ್ಲಿ ಬೇಕಾದರೂ ಸಮಸಮನಾಗಿ ಬೀಳುತ್ತದೆ. ಅದರ ಸರಾಸರಿ ದೂರ y ಯ ಮೂರನೇ ಎರಡು ಭಾಗ. ಹಾಗಾದರೆ ದೂರದ ಹನಿ ಹತ್ತಿರದ್ದಕ್ಕೆ ಮಾಡುವುದೆಲ್ಲ ತಟ್ಟೆಯ ಗಾತ್ರವನ್ನು ಹಿಗ್ಗಿಸುವುದು, ಕುಗ್ಗಿಸುವುದು. ಗಾತ್ರವನ್ನೇ ಲೆಕ್ಕದಿಂದ ತೆಗೆದುಬಿಟ್ಟರೆ ನಂಟು ಹೋಗಬೇಕಲ್ಲವೇ?

ಹೋಗುತ್ತದೆ. X ನ ಬದಲು U = X/Y ಎಂಬ ಅನುಪಾತವನ್ನು ಹಿಡಿದರೆ ಸಾಕು. X ಯಾವಾಗಲೂ Y ಗಿಂತ ಕಡಿಮೆಯಾದ್ದರಿಂದ U ಸೊನ್ನೆಯಿಂದ ಒಂದರವರೆಗೆ ಓಡಾಡುತ್ತದೆ, Y ಎಷ್ಟೇ ಇರಲಿ. ಅಂದರೆ ತ್ರಿಕೋನದ ಒಂದೊಂದು ಅಡ್ಡಗೆರೆಯನ್ನೂ ಒಂದು ಮಾನ ಉದ್ದಕ್ಕೆ ಎಳೆದು ಹಿಗ್ಗಿಸಿದಂತಾಯಿತು, ತ್ರಿಕೋನ ಚೌಕವಾಯಿತು. ಹಿಗ್ಗಿಸುವಾಗ y ಮಟ್ಟದಲ್ಲಿನ ಗೆರೆ 1/y ಪಟ್ಟು ಉದ್ದವಾಗುವುದರಿಂದ ಸಾಂದ್ರತೆಯನ್ನು y ಯಿಂದ ಗುಣಿಸಿ ಸರಿದೂಗಿಸಬೇಕು. x ಇದ್ದಲ್ಲಿ uy ಹಾಕಿದರೆ:

8(uy)(y) · y = 8uy³ = 2u · 4y³,  0 < u < 1, 0 < y < 1

ಸೂತ್ರ ಸೀಳಿತು, ಪ್ರದೇಶವೂ ಸೀಳಿತು. U ನ ಸಾಂದ್ರತೆ 2u, ಮೊದಲ ಪುಟದ ಒಂಟಿ ಹನಿಯದೇ. Y ನದು 4y³, ಮೊದಲಿದ್ದದ್ದೇ. ಹತ್ತಿರದ ಹನಿಯ ದೂರ ದೂರದ್ದರಿಂದ ಸ್ವತಂತ್ರವಲ್ಲ, ಆದರೆ ಅದು ದೂರದ್ದರ ಎಷ್ಟನೇ ಪಾಲು ಎಂಬುದು ಪೂರ್ತಿ ಸ್ವತಂತ್ರ. ತೂತಿನ ಮಾಡಿನ ಹನಿಗಳಿಗೂ ಅನುಪಾತದಿಂದ ಈ ಕೆಲಸ ಆಗುತ್ತದೆ, ಆದರೆ ಅಲ್ಲಿ X ನ ಜೊತೆ Y − X ಎಂಬ ವ್ಯತ್ಯಾಸವನ್ನೂ ನಿಲ್ಲಿಸಬಹುದು: e⁻ʸ ಯನ್ನು e⁻ˣ · e⁻⁽ʸ⁻ˣ⁾ ಎಂದು ಬರೆದರೆ, ಮೊದಲ ಹನಿಗೆ ಕಾದ ಹೊತ್ತು ಮತ್ತು ಅಲ್ಲಿಂದ ಎರಡನೆಯದಕ್ಕೆ ಕಾದ ಹೊತ್ತು ಬೇರೆಬೇರೆಯಾಗಿ ನಿಲ್ಲುತ್ತವೆ.